ಕೆನ್ನೆಯ ಮೇಲೊಂದು ಗೀರು

ದೊಡ್ಡವರಿಗೆ ನಾಯಿ ಕಚ್ಚಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಎಲ್ಲಿ ಕಚ್ಚಿತು, ಯಾವ ನಾಯಿ, ಎಷ್ಟು ಹೊತ್ತಿಗೆ ಎಂದು ಕಚ್ಚಿಸಿಕೊಂಡವರೇ ಹತ್ತು ಸಲ ಹೇಳುತ್ತಾರೆ. ಎರಡು ವರ್ಷದ ಮಗು ಹಾಗೆ ಹೇಳುವುದಿಲ್ಲ. ಅತ್ತು ಸುಮ್ಮನಾಗುತ್ತದೆ, ಕೇಳಿದರೆ ‘ಬೌ ಬೌ’ ಎನ್ನುತ್ತದೆ, ಅಷ್ಟೇ. ಮರಿ ನೆಕ್ಕಿತೋ, ಉಗುರು ತಾಗಿಸಿತೋ, ಹಲ್ಲು ಊರಿತೋ ಎನ್ನುವುದನ್ನು ಮನೆಯವರೇ ಮಗುವಿನ ಮೈಮೇಲೆ ಹುಡುಕಿ ತಿಳಿಯಬೇಕು. ರೇಬೀಸ್ ವಿಷಯದಲ್ಲಿ ಸಣ್ಣ ಮಕ್ಕಳಿಗಿರುವ ಮೊದಲ ಅಪಾಯ ಇದು.

ಎರಡನೆಯದು ಅವರ ಎತ್ತರ. ನಾಯಿ ದೊಡ್ಡವರಿಗೆ ಎರಗಿದರೆ ಸಾಮಾನ್ಯವಾಗಿ ಕಾಲಿಗೆ ಬಾಯಿ ಹಾಕುತ್ತದೆ. ಆಗಷ್ಟೇ ನಡೆಯಲು ಕಲಿತ ಮಗುವಿನ ಮುಖ ನಾಯಿಯ ಬಾಯಿಯ ಮಟ್ಟದಲ್ಲೇ ಇರುತ್ತದೆ. ಮಗು ನಾಯಿಯನ್ನು ತಬ್ಬುತ್ತದೆ, ಬಾಲ ಎಳೆಯುತ್ತದೆ, ತಟ್ಟೆಯಿಂದ ತಿಂಡಿ ಕಸಿಯುತ್ತದೆ. ಹೀಗಾಗಿ ಗಾಯ ಆಗುವುದು ಕೆನ್ನೆಗೆ, ತುಟಿಗೆ, ತಲೆಗೆ, ಕೈಬೆರಳಿಗೆ. ಈ ಜಾಗಗಳಲ್ಲೆಲ್ಲ ನರಗಳು ದಟ್ಟ, ಮುಖ ಮತ್ತು ತಲೆಯಿಂದಂತೂ ಮಿದುಳಿಗೆ ದಾರಿ ಬಹಳ ಹತ್ತಿರ. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ ಸುಮಾರು 40 ಮಂದಿ 15 ವರ್ಷದೊಳಗಿನವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಒಂದು ಪ್ರಸಂಗವನ್ನು ಇಟ್ಟುಕೊಂಡು ಮುಂದೆ ಹೋಗೋಣ. ಇದು ಯಾವ ಮನೆಯಲ್ಲಾದರೂ ನಡೆಯಬಹುದಾದದ್ದು. ಸಂಜೆ ಐದೂವರೆ. ಇಪ್ಪತ್ತೆರಡು ತಿಂಗಳ ಮಗು ಜಗಲಿಯ ಮೇಲೆ ಬಿಸ್ಕತ್ತು ಹಿಡಿದು ಕೂತಿದೆ. ಬೀದಿಯ ಮರಿಯೊಂದು, ಎರಡೂವರೆ ಮೂರು ತಿಂಗಳದ್ದಿರಬಹುದು, ಬಿಸ್ಕತ್ತಿಗೆ ಹಾರುತ್ತದೆ. ಮಗು ಕಿರುಚುತ್ತದೆ, ಅಜ್ಜಿ ಓಡಿ ಬರುವಷ್ಟರಲ್ಲಿ ಮರಿ ಮೋರಿ ದಾಟಿ ಓಡಿರುತ್ತದೆ. ಮಗುವಿನ ಮುಂಗೈಯಲ್ಲಿ ಎರಡು ಕೆಂಪು ಗೆರೆ, ರಕ್ತವಿಲ್ಲ. ಎಡ ಕೆನ್ನೆಯಲ್ಲಿ ಒಂದು ಸಣ್ಣ ಗೀರು.

“ರಕ್ತ ಬಂದಿಲ್ವಲ್ಲೇ, ಮರಿ ತಾನೇ. ಒಂಚೂರು ಅರಿಶಿನ ಒತ್ತು, ನಾಳೆಗೆ ಮಾಯುತ್ತೆ” ಎನ್ನುತ್ತಾರೆ ಅಜ್ಜಿ.

“ಬೇಡ ಅತ್ತೆ, ಏನೂ ಹಚ್ಚಬೇಡಿ. ಬಚ್ಚಲಿನಿಂದ ಸೋಪು ತನ್ನಿ” ಎನ್ನುತ್ತಾಳೆ ಸೊಸೆ.

ಈ ಮನೆಯ ಅದೃಷ್ಟ ಸೊಸೆಯ ಆ ಮಾತಿನಲ್ಲಿದೆ. ಅಜ್ಜಿಯ ಮಾತಿನಲ್ಲಿರುವ ಎರಡು ನಂಬಿಕೆಗಳು ನಮ್ಮಲ್ಲಿ ಎಷ್ಟು ಗಟ್ಟಿಯಾಗಿವೆ ಎಂದರೆ, ಅವನ್ನು ಮೊದಲು ಬಿಡಿಸಿಕೊಳ್ಳಬೇಕು.

ಮರಿ ನಾಯಿಗೆ ರೇಬೀಸ್ ಇರುವುದಿಲ್ಲ ಎನ್ನುವುದು ಒಂದು. ನಾಯಿಗಳಿಗೆ ರೇಬೀಸ್ ಲಸಿಕೆ ಹಾಕುವುದು ಸಾಮಾನ್ಯವಾಗಿ ಮೂರು ತಿಂಗಳು ತುಂಬಿದ ಮೇಲೆ. ಹಾಗಾಗಿ ಬೀದಿಯ ಮರಿಗೆ ಲಸಿಕೆಯ ಮಾತೇ ಇಲ್ಲ, ಸಾಕಿದ ಮರಿಗೂ ಆ ವಯಸ್ಸಿನ ತನಕ ಇರುವುದಿಲ್ಲ. ತಾಯಿನಾಯಿಗೋ ಬೀದಿಯ ಇನ್ನೊಂದು ನಾಯಿಗೋ ರೋಗ ಇದ್ದು ಅದು ಮರಿಯನ್ನು ಕಚ್ಚಿದ್ದರೆ ಮರಿಗೂ ಬಂತು. ಮರಿ ಎಂದಾಕ್ಷಣ ಜನ ಎತ್ತಿಕೊಳ್ಳುತ್ತಾರೆ, ಮುದ್ದಾಡುತ್ತಾರೆ, ಕಚ್ಚಿದರೂ ಅದನ್ನು ಕಚ್ಚಿದ ಲೆಕ್ಕಕ್ಕೇ ಹಿಡಿಯುವುದಿಲ್ಲ. 2025ರಲ್ಲಿ ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯ ಯುವ ಕಬಡ್ಡಿ ಆಟಗಾರನೊಬ್ಬ ಸತ್ತದ್ದು ಹೀಗೆಯೇ. ಚರಂಡಿಗೆ ಬಿದ್ದ ಮರಿಯನ್ನು ಎತ್ತುವಾಗ ಅದು ಬೆರಳಿಗೆ ಕಚ್ಚಿತ್ತು. ಸಣ್ಣ ಗಾಯ ಎಂದು ಅವನು ಲಸಿಕೆ ಹಾಕಿಸಿಕೊಳ್ಳಲಿಲ್ಲ.

ಪರಚಿದರೆ ಏನಾಗುತ್ತದೆ, ಕಚ್ಚಿದರೆ ತಾನೇ ಭಯ ಎನ್ನುವುದು ಇನ್ನೊಂದು. ರೇಬೀಸ್ ವೈರಸ್ ಇರುವುದು ಜೊಲ್ಲಿನಲ್ಲಿ ಎನ್ನುವುದು ನಿಜ. ಆದರೆ ನಾಯಿ ತನ್ನ ಪಂಜವನ್ನು ದಿನವಿಡೀ ನೆಕ್ಕುತ್ತಿರುತ್ತದೆ. ಉಗುರಿಗೆ ಹತ್ತಿದ ಹಸಿ ಜೊಲ್ಲು ಗೀರಿನ ಮೂಲಕ ಒಳಗೆ ಹೋಗಬಹುದು. ಮಕ್ಕಳ ವಿಷಯದಲ್ಲಿ ಇನ್ನೂ ಮುಖ್ಯವಾದ ಮಾತೆಂದರೆ, ಉಗುರಿನ ಗೀರು ಎಂದು ನಾವು ತಿಳಿದದ್ದು ಹಲ್ಲಿನದೇ ಇರಬಹುದು. ನೋಡಿದವರು ಯಾರೂ ಇಲ್ಲ, ಮಗು ಹೇಳುವುದಿಲ್ಲ. ಇಂಥ ಕಡೆ ಹಲ್ಲು ತಾಗಿದೆ ಎಂದೇ ಎಣಿಸಿ ನಡೆಯುವುದು ಸರಿ.

ಈಗ ಬಚ್ಚಲಿಗೆ ಬರೋಣ. ತೊಳೆಯುವುದನ್ನು ಬಹಳ ಮಂದಿ ಶಾಸ್ತ್ರಕ್ಕೆ ಮಾಡುತ್ತಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಡೆಟಾಲ್ ಸವರಿ ಆಸ್ಪತ್ರೆಗೆ ಹೊರಡುತ್ತಾರೆ. ಆದರೆ ತೊಳೆಯುವುದು ಚಿಕಿತ್ಸೆಯ ಮೊದಲ ಭಾಗವೇ, ಪ್ರಥಮ ಚಿಕಿತ್ಸೆಯ ಹೆಸರಿನಲ್ಲಿ ಮಾಡುವ ಉಪಚಾರ ಮಾತ್ರವಲ್ಲ. ರೇಬೀಸ್ ವೈರಸ್ಸಿನ ಹೊರಪದರ ಕೊಬ್ಬಿನಿಂದ ಆದದ್ದು. ಜಿಡ್ಡು ಹಿಡಿದ ಪಾತ್ರೆಯ ಮೇಲೆ ಸೋಪು ಮಾಡುವ ಕೆಲಸವನ್ನೇ ಅದು ವೈರಸ್ಸಿನ ಮೇಲೂ ಮಾಡುತ್ತದೆ: ಪದರ ಕರಗುತ್ತದೆ, ವೈರಸ್ ನಿಷ್ಕ್ರಿಯವಾಗುತ್ತದೆ. ಹರಿಯುವ ನೀರು ಉಳಿದದ್ದನ್ನು ಕೊಚ್ಚಿಕೊಂಡು ಹೋಗುತ್ತದೆ. ನರದೊಳಗೆ ಸೇರುವ ಮೊದಲು ಗಾಯದಲ್ಲೇ ಸಾಯುವ ಪ್ರತಿಯೊಂದು ಕಣವೂ ಮುಂದೆ ಲಸಿಕೆಗೆ ಉಳಿಯುವ ಕೆಲಸವನ್ನು ಕಡಿಮೆ ಮಾಡುತ್ತದೆ.

ಇದಕ್ಕೆ ಹದಿನೈದು ನಿಮಿಷ ಬೇಕು. ಅಳುವ ಮಗುವನ್ನು ಹಿಡಿದುಕೊಂಡು ಹದಿನೈದು ನಿಮಿಷ ಎಂದರೆ ಸಣ್ಣ ಹೊತ್ತಲ್ಲ, ಎರಡು ನಿಮಿಷಕ್ಕೇ ಸಾಕು ಅನ್ನಿಸುತ್ತದೆ. ಗಡಿಯಾರ ನೋಡಿಕೊಂಡೇ ಮಾಡಬೇಕು. ಇಬ್ಬರಿದ್ದರೆ ಅನುಕೂಲ. ಒಬ್ಬರು ಮಗುವನ್ನು ತೊಡೆಯ ಮೇಲೆ ಗಾಯವಾದ ಬದಿಗೆ ವಾಲಿಸಿ ಹಿಡಿಯಲಿ. ಹಾಗೆ ಹಿಡಿದರೆ ಕೆನ್ನೆಯ ನೊರೆನೀರು ಕಣ್ಣು, ಬಾಯಿಗೆ ಹೋಗದೆ ಕೆಳಗೆ ಇಳಿಯುತ್ತದೆ. ಇನ್ನೊಬ್ಬರು ಮೈಗೆ ಹಚ್ಚುವ ಮಾಮೂಲಿ ಸೋಪಿನಿಂದ ನೊರೆ ಬರಿಸಿ, ಬೆರಳಿನಲ್ಲಿ ಗಾಯದ ಮೇಲೂ ಸುತ್ತಲೂ ಮೆತ್ತಗೆ ಆಡಿಸಿ, ನೀರು ಬಿಟ್ಟು ತೊಳೆಯಲಿ. ಮತ್ತೆ ಸೋಪು, ಮತ್ತೆ ನೀರು. ನಲ್ಲಿ ಇಲ್ಲದಿದ್ದರೆ ಬಕೆಟ್ಟಿನಿಂದ ಚೊಂಬಿನಲ್ಲಿ ಸಣ್ಣ ಧಾರೆಯಾಗಿ ಸುರಿಯುತ್ತಾ ಇರಬಹುದು. ಚಳಿಗಾಲವಾದರೆ ಉಗುರು ಬೆಚ್ಚಗಿನ ನೀರು ಬಳಸಿದರೂ ನಡೆಯುತ್ತದೆ. ಬ್ರಷ್ಷು, ನಾರು ಹಾಕಿ ಉಜ್ಜಬಾರದು. ಗಾಯ ಇನ್ನಷ್ಟು ಸುಲಿದು ವೈರಸ್ಸಿಗೇ ದಾರಿಯಾಗುತ್ತದೆ. ಕಣ್ಣಿಗೆ ಜೊಲ್ಲು ಸಿಡಿದಿದ್ದರೆ ಅಲ್ಲಿಗೆ ಸೋಪು ಬೇಡ, ಬರೀ ಶುದ್ಧ ನೀರನ್ನು ಧಾರಾಳವಾಗಿ ಹರಿಸಿದರೆ ಸಾಕು.

ತೊಳೆಯುತ್ತಿರುವಾಗಲೇ ಹುಡುಕುವ ಕೆಲಸವೂ ಆಗಬೇಕು. ಅಂಗಿ, ಚಡ್ಡಿ ಬಿಚ್ಚಿ, ಮೊಬೈಲಿನ ಟಾರ್ಚ್ ಹಿಡಿದು ಬೆರಳ ಸಂದಿ, ಕಿವಿಯ ಹಿಂಭಾಗ, ಕುತ್ತಿಗೆ, ಬೆನ್ನು ನೋಡಬೇಕು. ತಲೆಯನ್ನು ಮರೆಯಲೇಬಾರದು. ಕೂದಲಿನ ಒಳಗಿನ ಹಲ್ಲಿನ ತೂತು ಮೇಲಿಂದ ಕಾಣುವುದಿಲ್ಲ, ಕೂದಲು ಬಿಡಿಸಿ ಬೈತಲೆ ತೆಗೆದ ಹಾಗೆ ಸಾಲುಸಾಲಾಗಿ ನೋಡಿದರೆ ಮಾತ್ರ ಸಿಗುತ್ತದೆ. ನಮ್ಮ ಪ್ರಸಂಗದ ಮಗುವಿಗೆ ತಲೆಯಲ್ಲಿ ಏನೂ ಇರಲಿಲ್ಲ. ಆದರೆ ಮಣ್ಣು, ಬಿಸ್ಕತ್ತಿನ ಪುಡಿ ತೊಳೆದು ಹೋದ ಮೇಲೆ ಕೆನ್ನೆಯ ಗೀರಿನ ಉದ್ದಕ್ಕೂ ಸೂಜಿಮೊನೆಯಷ್ಟು ಮೂರು ರಕ್ತದ ಚುಕ್ಕಿ ಕಂಡವು. ಅಜ್ಜಿ ರಕ್ತ ಬಂದಿಲ್ಲ ಎಂದದ್ದು ಕೊಳೆಯ ಮೇಲಿನಿಂದ ನೋಡಿ. ಈ ಮೂರು ಚುಕ್ಕಿ ಇಡೀ ಚಿಕಿತ್ಸೆಯನ್ನೇ ಬದಲಿಸುತ್ತವೆ. ಹೇಗೆಂಬುದು ಮುಂದೆ ಬರುತ್ತದೆ.

ತೊಳೆದಾದ ಮೇಲೆ ಮನೆಯಲ್ಲಿ ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಬಹುದು. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದಪುಡಿ, ಎಣ್ಣೆ, ಸೊಪ್ಪಿನ ರಸ ಯಾವುದೂ ಬೇಡ. ಇವು ವೈರಸ್ಸನ್ನು ಕೊಲ್ಲುವುದಿಲ್ಲ, ಗಾಯವನ್ನು ಕೆರಳಿಸುತ್ತವೆ, ಆಸ್ಪತ್ರೆಯಲ್ಲಿ ವೈದ್ಯರು ಗಾಯವನ್ನು ಸರಿಯಾಗಿ ನೋಡಲೂ ಬಿಡುವುದಿಲ್ಲ. ಬಿಗಿಯಾದ ಬ್ಯಾಂಡೇಜೂ ಬೇಡ, ಗಾಯ ತೆರೆದೇ ಇರಲಿ. ದೊಡ್ಡ ಗಾಯವಾಗಿ ರಕ್ತ ಸುರಿಯುತ್ತಿದ್ದರೆ ಮಾತ್ರ ಶುಭ್ರ ಬಟ್ಟೆ ಒತ್ತಿ ಹಿಡಿದು ಕೂಡಲೇ ಹೊರಡಬೇಕು. ಮನೆಯಲ್ಲಿ ತೊಳೆಯದೇ ಬಂದವರನ್ನು, ತಡವಾಗಿ ಬಂದವರನ್ನು ಕೂಡ ಆಸ್ಪತ್ರೆಯಲ್ಲಿ ತೊಳೆಯಬೇಕೆಂಬುದೇ ನಿಯಮ.

ಇನ್ನು ಅವಸರದ ಮಾತು. ರೇಬೀಸ್ ವೈರಸ್ ರಕ್ತದಲ್ಲಿ ಓಡಾಡುವುದಿಲ್ಲ. ಗಾಯದ ಜಾಗದ ಸ್ನಾಯುವಿನಲ್ಲಿ ಕೆಲಕಾಲ ಇದ್ದು, ಅಲ್ಲಿಗೆ ಬಂದು ಸೇರುವ ನರದ ತುದಿಯನ್ನು ಹಿಡಿದು, ನರದೊಳಗೇ ತೆವಳಿ ಮಿದುಳಿಗೆ ಹೋಗುತ್ತದೆ. ಸಾಮಾನ್ಯವಾಗಿ ಇದಕ್ಕೆ ಒಂದರಿಂದ ಮೂರು ತಿಂಗಳು ಬೇಕು. ಕೆಲವೊಮ್ಮೆ ವಾರವೊಂದರಲ್ಲೇ ಆಗಬಹುದು, ಅಪರೂಪಕ್ಕೆ ವರ್ಷವೂ ಹಿಡಿಯಬಹುದು. ಈ ನಡುವಿನ ಅವಧಿಯಲ್ಲಿ ಮಗು ಆರೋಗ್ಯವಾಗಿ ಆಡಿಕೊಂಡಿರುತ್ತದೆ. ವೈರಸ್ ಮಿದುಳು ಮುಟ್ಟಿ ಮೊದಲ ಲಕ್ಷಣ ಕಾಣಿಸಿದ ಮೇಲೆ ಉಳಿಸುವ ಚಿಕಿತ್ಸೆ ಇಲ್ಲ. ಹಾಗಾಗಿ ಏನು ಮಾಡುವುದಿದ್ದರೂ ಅದು ನರ ಹೊಕ್ಕುವ ಮೊದಲು. ಅತ್ತ ಲಸಿಕೆ ಹಾಕಿದ ತಕ್ಷಣ ರಕ್ಷಣೆ ಸಿಗುವುದಿಲ್ಲ. ಮಗುವಿನ ಮೈ ತಾನೇ ಪ್ರತಿಕಾಯಗಳನ್ನು ತಯಾರಿಸಿಕೊಳ್ಳಲು ಒಂದೆರಡು ವಾರ ಬೇಕು. ಕಾಲಿನ ಗಾಯದಿಂದ ಹೊರಟ ವೈರಸ್ಸಿನ ಎದುರು ಲಸಿಕೆಗೆ ಕಾಲಾವಕಾಶ ಇರುತ್ತದೆ. ಕೆನ್ನೆಯಿಂದ ಹೊರಟದ್ದರ ಎದುರು ಆ ಅವಕಾಶ ಬಹಳ ಕಿರಿದು.

ಆ ಒಂದೆರಡು ವಾರದ ಬರಿದನ್ನು ತುಂಬುವ ಔಷಧಿಯೊಂದಿದೆ. ಅದರ ಹೆಸರು ರೇಬೀಸ್ ಇಮ್ಯುನೋಗ್ಲೋಬ್ಯುಲಿನ್. ಆಸ್ಪತ್ರೆಗಳಲ್ಲಿ ಇದನ್ನು ‘ಆರ್‌ಐಜಿ’ ಅಥವಾ ‘ಸೀರಮ್’ ಎನ್ನುತ್ತಾರೆ, ಲಸಿಕೆಯನ್ನು ‘ಎಆರ್‌ವಿ’ ಎನ್ನುತ್ತಾರೆ. ಲಸಿಕೆಯು ಪ್ರತಿಕಾಯ ತಯಾರಿಸಲು ಮೈಗೆ ಕಲಿಸುತ್ತದೆ. ಸೀರಮ್ ಎಂದರೆ ಕುದುರೆಯ ಅಥವಾ ಮನುಷ್ಯರ ರಕ್ತದಿಂದ ಬೇರ್ಪಡಿಸಿದ, ಸಿದ್ಧವಾಗಿರುವ ಪ್ರತಿಕಾಯ. ಈಚೆಗೆ ಪ್ರಯೋಗಾಲಯದಲ್ಲಿ ತಯಾರಿಸಿದ ಮಾನೋಕ್ಲೋನಲ್ ಪ್ರತಿಕಾಯಗಳೂ ಬಂದಿವೆ. ಇದನ್ನು ಗಾಯದೊಳಕ್ಕೇ ಚುಚ್ಚುತ್ತಾರೆ. ಅಲ್ಲೇ ಉಳಿದಿರುವ ವೈರಸ್ಸನ್ನು ಅಲ್ಲೇ ಕಟ್ಟಿಹಾಕುವುದು ಉದ್ದೇಶ. ನಾಯಿ ಕಡಿತಕ್ಕೆ ಇಂಜೆಕ್ಷನ್ ಎಂದರೆ ಒಂದೇ ಎಂದು ಬಹಳಷ್ಟು ತಂದೆತಾಯಿ ತಿಳಿದಿದ್ದಾರೆ. ತೋಳಿಗೆ ಎಆರ್‌ವಿ ಆದ ಮೇಲೆ ಚಿಕಿತ್ಸೆ ಮುಗಿಯಿತೆಂದು ಮನೆಗೆ ಬರುತ್ತಾರೆ. ಮುಖದ ಗಾಯದ ಮಗುವನ್ನು ಹೀಗೆ ಮನೆಗೆ ಕರೆತರುವುದು ಅರ್ಧ ಚಿಕಿತ್ಸೆ ಮಾತ್ರ.

ಸೀರಮ್ ಯಾರಿಗೆ ಬೇಕು, ಯಾರಿಗೆ ಬೇಡ ಎನ್ನುವುದನ್ನು ವೈದ್ಯರು ಮೂರು ದರ್ಜೆಯಲ್ಲಿ ವಿಂಗಡಿಸುತ್ತಾರೆ. ನಾಯಿಯನ್ನು ಮುಟ್ಟಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಮೊದಲ ದರ್ಜೆ. ತೊಳೆದುಕೊಂಡರೆ ಸಾಕು. ರಕ್ತ ಬಾರದ ಗೀರು, ತರಚು ಎರಡನೇ ದರ್ಜೆ. ತೊಳೆಯಬೇಕು, ಲಸಿಕೆ ಬೇಕು. ಚರ್ಮ ದಾಟಿ ರಕ್ತ ಕಂಡ ಯಾವುದೇ ಕಡಿತ ಅಥವಾ ಗೀರು ಮೂರನೇ ದರ್ಜೆ. ಮೊದಲೇ ಇದ್ದ ಗಾಯವನ್ನು ನೆಕ್ಕಿದ್ದು, ಬಾಯಿ, ಕಣ್ಣು, ಮೂಗಿನ ಒಳಕ್ಕೆ ಜೊಲ್ಲು ತಾಗಿದ್ದು ಕೂಡ ಇದಕ್ಕೇ ಸೇರುತ್ತದೆ. ಇಲ್ಲಿ ತೊಳೆಯುವುದು, ಲಸಿಕೆ, ಸೀರಮ್ ಮೂರೂ ಬೇಕು. ಗಾಯ ಹಲವಿದ್ದರೆ ಅತಿ ಮೇಲಿನ ದರ್ಜೆಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಮ್ಮ ಮಗುವಿನ ಮುಂಗೈ ಗೀರು ಎರಡನೇ ದರ್ಜೆಯದು. ಕೆನ್ನೆಯ ಮೂರು ಚುಕ್ಕಿಗಳಿಂದ ಮಗು ಮೂರನೇ ದರ್ಜೆಗೆ ಹೋಯಿತು.

ನೆಕ್ಕುವುದರ ಬಗ್ಗೆ ಒಂದು ಮಾತು. ದೊಡ್ಡವರ ಚರ್ಮ ಸಾಮಾನ್ಯವಾಗಿ ಗಟ್ಟಿ, ನೆಕ್ಕಿದರೆ ಮೊದಲ ದರ್ಜೆ ಎಂದು ಬಿಡಬಹುದು. ಎರಡು ವರ್ಷದ ಮಗುವಿನ ಮಂಡಿ ಯಾವಾಗಲೂ ತರಚಿರುತ್ತದೆ, ಶೀತವಾಗಿ ಮೂಗಿನ ಕೆಳಗೆ ಕೆಂಪಾಗಿರುತ್ತದೆ, ಸೊಳ್ಳೆ ಕಚ್ಚಿದ್ದನ್ನು ಕೆರೆದು ಹುಣ್ಣು ಮಾಡಿಕೊಂಡಿರುತ್ತದೆ. ಗುರುತಿಲ್ಲದ ನಾಯಿ ಮಗುವಿನ ಮುಖವನ್ನು ನೆಕ್ಕಿದಾಗ ಇವನ್ನೆಲ್ಲ ನೋಡಿಯೇ ತೀರ್ಮಾನಿಸಬೇಕು.

ಆಸ್ಪತ್ರೆಯಲ್ಲಿ ಮೊದಲು ಮಗುವನ್ನು ತೂಗುತ್ತಾರೆ. ಸೀರಮ್ಮಿನ ಪ್ರಮಾಣ ತೂಕದ ಮೇಲೆ ನಿಂತಿದೆ. ನಮ್ಮ ಮಗು 12 ಕಿಲೋ ಎಂದುಕೊಳ್ಳಿ. ಕುದುರೆ ಸೀರಮ್ ಆದರೆ ಕಿಲೋಗೆ 40 ಯೂನಿಟ್, ಒಟ್ಟು 480. ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಒಂದು ಎಂಎಲ್‌ಗೆ 300 ಯೂನಿಟ್ ಇರುತ್ತದೆ. ಅಂದರೆ 1.6 ಎಂಎಲ್. ಮನುಷ್ಯ ಸೀರಮ್ ಆದರೆ ಕಿಲೋಗೆ 20 ಯೂನಿಟ್, ಒಟ್ಟು 240. ಇದು ಮಿತಿ, ಇದನ್ನು ಮೀರಬಾರದು. ಸಣ್ಣ ಕೆನ್ನೆಯ ಗೀರಿನೊಳಗೆ ಇಷ್ಟೂ ಹಿಡಿಸುವುದಿಲ್ಲ. ತೆಳು ಸೂಜಿಯಿಂದ ಗಾಯದ ಒಳಗೆ, ಅಂಚಿನ ಸುತ್ತ, ಅಂಗಾಂಶ ಹಿಡಿಯುವಷ್ಟನ್ನು ಚುಚ್ಚುತ್ತಾರೆ. ಮಿಕ್ಕದ್ದನ್ನು ದೂರದ ಸ್ನಾಯುವಿಗೆ ಹಾಕುವ ಹಳೆಯ ಪದ್ಧತಿ ಈಗ ಅಗತ್ಯವಿಲ್ಲ ಎಂದಾಗಿದೆ. ತೂಕ ಕಡಿಮೆ ಇದ್ದು ಗಾಯಗಳು ಹೆಚ್ಚಿದ್ದರೆ ತೊಂದರೆ ತಿರುಗುಮುರುಗಾಗುತ್ತದೆ. ಬೀದಿನಾಯಿಗಳು ಕೆಡವಿ ಹತ್ತಾರು ಕಡೆ ಕಚ್ಚಿದ ಮಗುವಿಗೆ 1.6 ಎಂಎಲ್ ಎಲ್ಲಿಗೂ ಸಾಲದು. ಆಗ ಸಲೈನ್ ಸೇರಿಸಿ ತೆಳುಮಾಡಿ, ಒಂದೂ ಗಾಯ ಬಿಡದಂತೆ ಹಂಚುತ್ತಾರೆ. ಒಂದು ಗಾಯ ತಪ್ಪಿದರೂ ಆ ಗಾಯದ ಮಟ್ಟಿಗೆ ಸೀರಮ್ ಕೊಡದಂತೆಯೇ. ಮನೆಯಲ್ಲಿ ಕೂದಲು ಬಿಡಿಸಿ ಹುಡುಕಬೇಕೆಂದದ್ದು ಈ ಕಾರಣಕ್ಕೆ.

ಮಗುವಿನ ಕೆನ್ನೆಗೆ ಸೂಜಿ ಚುಚ್ಚುವುದನ್ನು ನೋಡುವುದು ಯಾವ ತಾಯಿಗೂ ಸುಲಭವಲ್ಲ. ಮುಖಕ್ಕೆ ಬೇಡ, ತೊಡೆಗೇ ಹಾಕಿಬಿಡಿ ಎಂದು ಬೇಡುವವರಿದ್ದಾರೆ. ಸೀರಮ್ಮಿನ ಕೆಲಸ ಇರುವುದು ಗಾಯದಲ್ಲಿ, ತೊಡೆಗೆ ಹಾಕಿದರೆ ಕೆನ್ನೆಗೆ ಆಗುವ ಉಪಯೋಗ ಅಷ್ಟಕ್ಕಷ್ಟೆ. ಮಗುವನ್ನು ಬಿಗಿಯಾಗಿ ಹಿಡಿದುಕೊಳ್ಳುವುದೇ ತಾಯಿ ಮಾಡಬಹುದಾದ ದೊಡ್ಡ ಸಹಾಯ. ಕುದುರೆ ಸೀರಮ್ಮಿಗೆ ಅಪರೂಪಕ್ಕೆ ಅಲರ್ಜಿ ಆಗುವುದರಿಂದ ಆಮೇಲೆ ಸ್ವಲ್ಪ ಹೊತ್ತು ಆಸ್ಪತ್ರೆಯಲ್ಲೇ ಕೂರಿಸುತ್ತಾರೆ. ಎದ್ದು ಬಂದುಬಿಡಬಾರದು. ಗಾಯಕ್ಕೆ ಹೊಲಿಗೆ ಆದಷ್ಟೂ ಹಾಕುವುದಿಲ್ಲ. ಹಾಕಲೇಬೇಕಾದರೆ ಸೀರಮ್ ಕೊಟ್ಟ ಮೇಲೆ, ಸಡಿಲವಾಗಿ. ಮೊದಲೇ ಹೊಲಿದರೆ ಸೂಜಿ ವೈರಸ್ಸನ್ನು ಆಳಕ್ಕೆ ತಳ್ಳುತ್ತದೆ.

ಲಸಿಕೆಯ ಮಾತು ಬೇರೆ. ಅದಕ್ಕೆ ತೂಕದ ಲೆಕ್ಕವಿಲ್ಲ, ಮಗುವಿಗೂ ದೊಡ್ಡವರಿಗೂ ಪ್ರಮಾಣ ಒಂದೇ. ಸಣ್ಣ ಮಗು, ಅರ್ಧ ಹಾಕಿ ಎನ್ನುವ ಹಾಗಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಚರ್ಮದ ಪದರದೊಳಕ್ಕೆ ಹಾಕುತ್ತಾರೆ: 0.1 ಎಂಎಲ್‌ನಂತೆ ಎರಡು ಕಡೆ, ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಮೊದಲ ದಿನವನ್ನು ಸೊನ್ನೆ ಎಂದು ಎಣಿಸಬೇಕು. ಸೋಮವಾರ ಶುರುವಾದರೆ ಎರಡನೇ ಸಲ ಗುರುವಾರ, ಮೂರನೇದು ಮುಂದಿನ ಸೋಮವಾರ. ಸೂಜಿ ಸರಿಯಾದ ಪದರದಲ್ಲಿ ಹೊಕ್ಕಿದ್ದರೆ ಚರ್ಮ ಕಿತ್ತಳೆ ಸಿಪ್ಪೆಯಂತೆ ಸಣ್ಣ ಗುಳ್ಳೆಯಾಗಿ ಏಳುತ್ತದೆ. ತಾಯಿಯೂ ಅದನ್ನು ಕಣ್ಣಾರೆ ನೋಡಬಹುದು. ಖಾಸಗಿ ಕ್ಲಿನಿಕ್ಕುಗಳಲ್ಲಿ ಸ್ನಾಯುವಿಗೆ ಹಾಕುವುದು ರೂಢಿ. ಅದು ಐದು ಸಲ: 0, 3, 7, 14, 28. ಪುಟ್ಟ ಮಕ್ಕಳಿಗೆ ತೊಡೆಯ ಮುಂಭಾಗದ ಹೊರಬದಿಗೆ ಕೊಡುತ್ತಾರೆ. ಕುಂಡಿಗೆ ಕೊಡಲೇಬಾರದು. ಅಲ್ಲಿನ ಕೊಬ್ಬಿನಲ್ಲಿ ಲಸಿಕೆ ಸಿಕ್ಕಿಕೊಂಡು ಕೆಲಸ ಕೆಡುತ್ತದೆ. ಯಾರಾದರೂ ಅಲ್ಲಿಗೆ ಹಾಕಲು ಹೊರಟರೆ ಬೇಡ ಎನ್ನುವ ಹಕ್ಕು ನಿಮಗಿದೆ. ಹೊಟ್ಟೆಗೆ 14 ಇಂಜೆಕ್ಷನ್ ಎಂದು ಹಿರಿಯರು ಹೆದರಿಸುತ್ತಾರಲ್ಲ, ಅದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆಯ ಕಥೆ. ಭಾರತದಲ್ಲಿ 2004ರ ಕೊನೆಗೆ ಅದನ್ನು ನಿಲ್ಲಿಸಲಾಯಿತು.

ನಡುವೆ ಜ್ವರ ಬಂತು, ಊರಿಗೆ ಹೋದೆವು, ಒಂದು ದಿನ ತಪ್ಪಿತು ಎಂದರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ತಪ್ಪಿದ್ದನ್ನು ಕೂಡಲೇ ಹಾಕಿಸಿ ಮುಂದುವರಿಸಬೇಕು. ಗೀರಾಗಿ ವಾರಗಳೇ ಕಳೆದು, ಆಗ ನೆನಪಾಗಿ ಗಾಬರಿಯಾದವರೂ ತಡವಾಯಿತೆಂದು ಸುಮ್ಮನಾಗಬಾರದು. ನಿನ್ನೆ ಆದದ್ದೆಂಬಂತೆಯೇ ಚಿಕಿತ್ಸೆ ಶುರು ಮಾಡುತ್ತಾರೆ.

ತಾಪತ್ರಯ ಇರುವುದು ಸೀರಮ್ ಸಿಗುವುದರಲ್ಲಿ. ಲಸಿಕೆ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೆಲ್ಲ ಸೀರಮ್ ಇರುವುದಿಲ್ಲ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ, ಇಲ್ಲವೇ ಮೆಡಿಕಲ್ ಕಾಲೇಜಿಗೆ ಹೋಗಬೇಕಾಗುತ್ತದೆ. ಹೊರಡುವ ಮುಂಚೆ ಫೋನ್ ಮಾಡಿ ‘ಎಆರ್‌ವಿ ಇದೆಯಾ’ ಎನ್ನುವ ಜೊತೆಗೆ ‘ಸೀರಮ್ ಇದೆಯಾ’ ಎಂದೂ ಕೇಳಿಕೊಳ್ಳುವುದು ಒಳ್ಳೆಯದು. ರಾಜ್ಯದ ಆರೋಗ್ಯ ಸಹಾಯವಾಣಿ 104ಕ್ಕೂ ಕರೆ ಮಾಡಿ ವಿಚಾರಿಸಬಹುದು. ಹತ್ತಿರದಲ್ಲಿ ಬರೀ ಲಸಿಕೆ ಇದ್ದರೆ ಅದನ್ನು ಹಾಕಿಸಿಕೊಂಡೇ ಸೀರಮ್ ಹುಡುಕಿ ಹೊರಡಿ. ಮೊದಲ ಲಸಿಕೆಯಾದ ಏಳು ದಿನದೊಳಗೆ ಸೀರಮ್ ಕೊಡಬಹುದು. ಆಮೇಲೆ ಮೈಯೇ ಪ್ರತಿಕಾಯ ತಯಾರಿಸತೊಡಗಿರುತ್ತದೆ, ಸೀರಮ್ ಕೊಡುವುದಿಲ್ಲ. ಏಳು ದಿನ ಇದೆಯಲ್ಲ ಎಂದು ಕೆನ್ನೆಯ ಗಾಯಕ್ಕೆ ಕಾಯುವುದು ಮಾತ್ರ ಮೂರ್ಖತನ.

2025ರಲ್ಲಿ ಕೇರಳದಲ್ಲಿ ಲಸಿಕೆ ಹಾಕಿಸಿಕೊಂಡಿದ್ದ ಮಕ್ಕಳೂ ರೇಬೀಸ್‌ನಿಂದ ಸತ್ತ ಸುದ್ದಿ ಬಂದಾಗ ಲಸಿಕೆಯೇ ಸರಿಯಿಲ್ಲ ಎಂಬ ಮಾತು ಇಲ್ಲಿಯೂ ಹರಿದಾಡಿತು. ಅವುಗಳಲ್ಲಿ ಒಂದು ಮಗುವಿಗೆ ತಲೆಗೇ ಆಳವಾದ ಗಾಯವಾಗಿತ್ತು. ನರ ದಟ್ಟವಾಗಿರುವ ಜಾಗದಲ್ಲಿ ಹಲ್ಲು ಆಳಕ್ಕೆ ಊರಿದರೆ ವೈರಸ್ ಸ್ನಾಯುವಿನಲ್ಲಿ ತಂಗದೆ ನೇರ ನರಕ್ಕೇ ಹೊಕ್ಕಿಬಿಡಬಹುದು. ಆಗ ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೈಮೀರುವುದುಂಟು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಇಂಥವು ಅಪರೂಪ. ಹೆಚ್ಚಿನ ಸಾವುಗಳ ಹಿಂದೆ ಇರುವುದು ತೊಳೆಯದ ಗಾಯ, ಹಾಕಿಸದ ಲಸಿಕೆ, ಕೊಡದ ಸೀರಮ್ ಅಥವಾ ಅರ್ಧಕ್ಕೆ ಬಿಟ್ಟ ಕೋರ್ಸು.

ಬೀದಿ ಮರಿಯ ಬದಲು ಮನೆಯ ನಾಯಿಯೇ ಆಗಿದ್ದರೆ? ‘ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ’ ಎನ್ನುವ ಮಾತು ಆಸ್ಪತ್ರೆಗಳಲ್ಲಿ ದಿನವೂ ಕೇಳುತ್ತದೆ. ಯಾವ ಇಂಜೆಕ್ಷನ್, ಯಾವಾಗ ಎಂದರೆ ಉತ್ತರ ಇರುವುದಿಲ್ಲ. ಮರಿಯಾಗಿದ್ದಾಗ ಹಾಕಿಸಿದ್ದು ಬೇರೆ ರೋಗದ್ದಿರಬಹುದು, ರೇಬೀಸ್‌ನದೇ ಆದರೂ ವರ್ಷವರ್ಷದ ಬೂಸ್ಟರ್ ತಪ್ಪಿರಬಹುದು. ಪಶುವೈದ್ಯರು ಬರೆದುಕೊಟ್ಟ ಕಾರ್ಡಿನಲ್ಲಿ ಏನಿದೆಯೋ ಅದಷ್ಟೇ ಸಾಕ್ಷಿ. ಕಾರ್ಡು ಇದ್ದರೂ ರಕ್ತ ಕಂಡ ಗಾಯಕ್ಕೆ ಚಿಕಿತ್ಸೆ ಶುರು ಮಾಡಿ, ನಾಯಿಯ ಮೇಲೆ ಕಣ್ಣಿಡುವುದು ಕ್ಷೇಮ.

ಕಣ್ಣಿಡುವ ಅವಧಿ ಹತ್ತು ದಿನ. ಈ ಸಂಖ್ಯೆಗೆ ಕಾರಣವಿದೆ. ನಾಯಿಯ ಜೊಲ್ಲಿಗೆ ವೈರಸ್ ಬರುವುದು ಅದರ ಮಿದುಳನ್ನು ಮುಟ್ಟಿದ ಮೇಲೆ, ಕೊನೆಯ ಹಂತದಲ್ಲಿ. ಕಚ್ಚಿದ ದಿನ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ ಹತ್ತು ದಿನದೊಳಗೆ ನಾಯಿ ರೋಗ ತೋರಿಸಿ ಸಾಯುತ್ತದೆ. ಹತ್ತನೇ ದಿನವೂ ಎಂದಿನಂತೆ ತಿಂದು ಓಡಾಡಿಕೊಂಡಿದ್ದರೆ ಆ ಕಡಿತದಿಂದ ರೇಬೀಸ್ ಬಂದಿಲ್ಲ. ಆಗ ಉಳಿದ ಡೋಸುಗಳನ್ನು ವೈದ್ಯರು ಬಿಡಬಹುದು. ಈ ಲೆಕ್ಕ ನಾಯಿ, ಬೆಕ್ಕಿಗೆ ಮಾತ್ರ, ಕೋತಿಗೆ ನಡೆಯದು. ಹತ್ತು ದಿನ ನೋಡಿಕೊಂಡು ಆಮೇಲೆ ಲಸಿಕೆ ಹಾಕಿಸೋಣ ಎಂದು ಇದನ್ನು ತಿರುವಿ ಓದುವವರಿದ್ದಾರೆ. ಆ ಹತ್ತು ದಿನದಲ್ಲಿ 0, 3, 7 ಮೂರೂ ಡೋಸು ಮುಗಿದಿರಬೇಕು. ಮಗು ರಕ್ಷಣೆಯಲ್ಲಿರುವಾಗಲೇ ನಾಯಿಯನ್ನು ನೋಡುತ್ತಿರುವುದು ಸರಿಯಾದ ಕ್ರಮ.

ಹುಚ್ಚು ಹಿಡಿದ ನಾಯಿ ಎಂದರೆ ಜೊಲ್ಲು ಸುರಿಸುತ್ತಾ ಎದುರಿಗೆ ಬಂದವರನ್ನೆಲ್ಲ ಕಚ್ಚುತ್ತಾ ಓಡುವುದು ಎಂದೇ ನಮ್ಮ ಕಲ್ಪನೆ. ಸುಮ್ಮನೆ ಮೂಲೆ ಹಿಡಿಯುವ ಬಗೆಯೂ ಇದೆ. ಕರೆದರೆ ಬರುವುದಿಲ್ಲ, ಕತ್ತಲಲ್ಲಿ ಕೂರುತ್ತದೆ, ಬೊಗಳುವ ದನಿ ಒಡೆದಂತಾಗುತ್ತದೆ, ಕೆಳದವಡೆ ಜೋತುಬಿದ್ದು ನುಂಗಲು ಕಷ್ಟಪಡುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಮನೆಯವರು ಬಾಯಿಗೆ ಕೈಹಾಕುತ್ತಾರೆ. ಅಂಥ ನಾಯಿಯ ಹತ್ತಿರ ಮಗುವನ್ನು ಬಿಡಬೇಡಿ, ನೀವೂ ಕೈಹಾಕಬೇಡಿ. ಪಶುವೈದ್ಯರಿಗೆ ತಿಳಿಸಿ.

ಇಪ್ಪತ್ತೆರಡು ತಿಂಗಳ ಮಗುವಿನ ವಿಷಯದಲ್ಲಿ ಮರೆತುಹೋಗುವ ಇನ್ನೊಂದು ಸಂಗತಿ ಅದರ ಉಳಿದ ಲಸಿಕೆಗಳದು. ದಡಾರ–ರುಬೆಲ್ಲಾದ ಎರಡನೇ ಡೋಸು 16ರಿಂದ 24 ತಿಂಗಳ ನಡುವೆ ಬರುತ್ತದೆ. ಮನುಷ್ಯ ರಕ್ತದಿಂದ ತೆಗೆದ ಸೀರಮ್ಮಿನಲ್ಲಿ ದಡಾರದ ವಿರುದ್ಧದ ಪ್ರತಿಕಾಯಗಳೂ ಇರುವುದರಿಂದ, ಅದಾದ ಕೆಲವು ತಿಂಗಳು ದಡಾರ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ತಾಯಿಕಾರ್ಡನ್ನು ಆಸ್ಪತ್ರೆಗೆ ಒಯ್ದು, ಯಾವ ಸೀರಮ್ ಕೊಟ್ಟರು, ಯಾವ ದಿನ ಎಂದು ಬರೆಸಿಕೊಂಡು, ಮುಂದಿನ ಲಸಿಕೆಯ ದಿನ ಆಶಾ ಕಾರ್ಯಕರ್ತೆಗೋ ಮಕ್ಕಳ ವೈದ್ಯರಿಗೋ ತೋರಿಸಬೇಕು. ರೇಬೀಸ್ ಲಸಿಕೆಯ ಜೊತೆ ಬೇರೆ ಲಸಿಕೆಗಳಿಗೆ ಅಂಥ ಅಡ್ಡಿಯಿಲ್ಲ, ಬೇರೆ ಜಾಗಕ್ಕೆ ಹಾಕಿದರಾಯಿತು. ಧನುರ್ವಾಯು ಲಸಿಕೆಯ ಕಾಲ ಸರಿಯಾಗಿದೆಯೇ ಎಂಬುದನ್ನೂ ವೈದ್ಯರು ಅದೇ ಕಾರ್ಡಿನಲ್ಲಿ ನೋಡುತ್ತಾರೆ.

ಆ ಕಾರ್ಡನ್ನು ಮುಂದೆಯೂ ಜೋಪಾನವಾಗಿಡಲು ಕಾರಣವಿದೆ. ಒಮ್ಮೆ ಪೂರ್ತಿ ಕೋರ್ಸು ಮುಗಿಸಿದ ಮಗುವಿಗೆ ಮುಂದೆ ಎಂದಾದರೂ ನಾಯಿ ಕಚ್ಚಿದರೆ, ತೊಳೆದು 0 ಮತ್ತು 3ನೇ ದಿನ ಎರಡೇ ಸಲ ಲಸಿಕೆ ಹಾಕಿದರೆ ಸಾಕು. ಕೆನ್ನೆಗೇ ಕಚ್ಚಿದರೂ ಸೀರಮ್ ಬೇಕಿಲ್ಲ. ಮೈ ಹಿಂದಿನದನ್ನು ನೆನಪಿಟ್ಟುಕೊಂಡಿರುತ್ತದೆ. ಮನೆಯಲ್ಲಿ ನಾಯಿ ಇರುವ, ಬೀದಿನಾಯಿಗಳ ಕಾಟ ಹೆಚ್ಚಿರುವ ಕಡೆಯ ಮಕ್ಕಳಿಗೆ ಕಚ್ಚುವ ಮುಂಚೆಯೇ ಲಸಿಕೆ ಹಾಕಿಸಬಹುದು ಎಂದು ಮಕ್ಕಳ ವೈದ್ಯರು ಹೇಳುವುದು ಇದೇ ಕಾರಣಕ್ಕೆ. ಸೀರಮ್ ಸಿಗದ ಊರಿನಲ್ಲಿರುವವರು ಅದನ್ನು ಕೇಳಿ ನೋಡಬಹುದು.